ಸಾರಾಂಶಕಾರರ ಲಕ್ಷಣ

ಕಾಲ್ ಸೆಂಟರಿನಲ್ಲಿ ಕರೆ ಸ್ವೀಕರಿಸುವವರದು ಒಂದು ಪಂಗಡವಾದರೆ, ಆ ಕರೆಯ ಟ್ರಾನ್ಸ್‌ಕ್ರಿಪ್ಟನ್ನು, ಎಂದರೆ ಎರಡೂ ಕಡೆಯವರು ಆಡಿದ ಮಾತಿನ ಲಿಖಿತ ರೂಪವನ್ನು, ಓದಿ ಹತ್ತು ಸಾಲಿಗಿಳಿಸುವ ಸಾರಾಂಶಕಾರರದು ಮತ್ತೊಂದು ಪಂಗಡ. ಇವರಿಗೆ ಗ್ರಾಹಕರ ಕೋಪವೂ ಬೇಡ, ಏಜೆಂಟರ ವಿನಯವೂ ಬೇಡ; ತೊಂದರೆ ಏನು, ಕೊಟ್ಟ ಮಾತು ಯಾವುದು, ಮುಂದೆ ಯಾರು ಏನು ಮಾಡಬೇಕು ಎಂಬಷ್ಟು ಸಿಕ್ಕರೆ ಸಾಕು.

ನಿವೃತ್ತ ಮೇಷ್ಟ್ರೊಬ್ಬರು ಶನಿವಾರ ಸಂಜೆ ವಾಷಿಂಗ್ ಮಷೀನಿನ ಬಗ್ಗೆ ಮಾಡಿದ 14 ನಿಮಿಷದ ಕರೆಯನ್ನು ಊಹಿಸಿಕೊಳ್ಳಬಹುದು. ಅದರ ಮೊದಲ 4 ನಿಮಿಷ ಮಷೀನು ಕೊಂಡ ಸಂದರ್ಭಕ್ಕೂ, ಹಿಂದಿನ ವಾರ ಬಂದಿದ್ದ ಮೆಕ್ಯಾನಿಕ್ ಎರಡು ಲೋಟ ಕಾಫಿ ಕುಡಿದು ಹೋದ ವೃತ್ತಾಂತಕ್ಕೂ ಮೀಸಲು. ಎಳಸು ಸಾರಾಂಶಕಾರರು ‘ಮಷೀನು ಸರಿಯಿಲ್ಲ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಪಳಗಿದವರು ‘ಒಗೆದಾದ ಮೇಲೆ ನೀರು ಹೊರಹೋಗುತ್ತಿಲ್ಲ, ಮೆಕ್ಯಾನಿಕ್ ಒಮ್ಮೆ ಬಂದುಹೋದರೂ ಸರಿಹೋಗಿಲ್ಲ’ ಎಂದು ಬರೆದು, ಕಾಫಿಯನ್ನು ಮಾತ್ರ ಕೈಬಿಡುತ್ತಾರೆ. ‘ಪಂಪೇ ಹೋಗಿದೆ’ ಎಂಬುದು ಮೇಷ್ಟ್ರ ಅನುಮಾನವಾದ್ದರಿಂದ ಅದಕ್ಕೆ ‘ಗ್ರಾಹಕರ ಪ್ರಕಾರ’ ಎಂಬ ಬಾಲ ಅಂಟಿಸುತ್ತಾರೆ.

ಇವರ ಪಾಂಡಿತ್ಯ ನಿಜವಾಗಿ ಕಾಣುವುದು ಭರವಸೆಗಳನ್ನು ಜರಡಿ ಹಿಡಿಯುವಾಗ. ‘ನೋಡ್ತೀವಿ ಸರ್’, ‘ಖಂಡಿತ ಟ್ರೈ ಮಾಡ್ತೀವಿ ಸರ್’ ಎಂಬುವು ಉಪಚಾರದ ಮಾತುಗಳು. ಯಾರು, ಏನನ್ನು, ಯಾವಾಗ ಮಾಡುತ್ತಾರೆಂದು ಹೇಳಿದರೆ ಮಾತ್ರ ಅದು ಭರವಸೆ. ಇದೇ ಕರೆಯ 6ನೇ ನಿಮಿಷದಲ್ಲಿ ಏಜೆಂಟ್ ‘ವಾರಂಟಿ ಇದೆ, ಎಲ್ಲಾ ಫ್ರೀ ಸರ್’ ಎಂದಿದ್ದು, 11ನೇ ನಿಮಿಷದಲ್ಲಿ ‘ಪೈಪಲ್ಲಿ ನಾಣ್ಯ, ಪಿನ್ನು ಸಿಕ್ಕಿಕೊಂಡಿದ್ರೆ ಚಾರ್ಜ್ ಆಗುತ್ತೆ’ ಎಂದು ದನಿ ತಗ್ಗಿಸಿದ್ದಾರೆ. ಮೊದಲನೆಯದನ್ನು ಅಳಿಸಿದರೆ ಮೇಷ್ಟ್ರಿಗೆ ಅನ್ಯಾಯ, ಎರಡನೆಯದನ್ನು ಅಳಿಸಿದರೆ ಬಾಗಿಲಲ್ಲಿ ನಿಂತ ಮೆಕ್ಯಾನಿಕ್‌ಗೆ ಮಂಗಳಾರತಿ. ಆದ್ದರಿಂದ ಎರಡನ್ನೂ ನಿಮಿಷದ ಸಮೇತ ದಾಖಲಿಸಿ, ‘ಸ್ಪಷ್ಟೀಕರಣ ಬೇಕು’ ಎಂದು ಷರಾ ಬರೆಯುತ್ತಾರೆ.

ಇವರು ಪರಮಶತ್ರುವೆಂದು ಬಗೆಯುವ ಪದವೊಂದಿದ್ದರೆ ಅದು ‘ನಾಳೆ’. ‘ನಾಳೆ 11ರೊಳಗೆ ಮೆಕ್ಯಾನಿಕ್ ಬರ್ತಾರೆ’ ಎಂದು ಏಜೆಂಟ್ ಹೇಳಿರುವುದನ್ನು ತಾರೀಖಾಗಿ ಬದಲಿಸಲು ಕ್ಯಾಲೆಂಡರ್ ನೋಡಿದಾಗಲೇ ಅದು ಭಾನುವಾರವೆಂದೂ, ಅಂದು ಸರ್ವಿಸ್ ಸೆಂಟರಿಗೆ ರಜವೆಂದೂ ಬಯಲಾಗುವುದು. ಹಾಗೆಂದು ಭಾನುವಾರವನ್ನು ತಾವೇ ಸೋಮವಾರ ಮಾಡುವ ಅಧಿಕಾರ ಸಾರಾಂಶಕಾರರಿಗಿಲ್ಲ. ಆಡಿದ ಮಾತನ್ನು ಆಡಿದಂತೆಯೇ ಉಳಿಸಿ, ಮುಂದಿನ ಕ್ರಮದ ಕೆಳಗೆ ‘ಇಂದು ರಾತ್ರಿ 8ರೊಳಗೆ ಗ್ರಾಹಕರಿಗೆ ಫೋನ್ ಮಾಡಿ ಹೊಸ ದಿನ ತಿಳಿಸಬೇಕು, ಚಾರ್ಜಿನ ವಿಷಯವನ್ನೂ ಬಿಡಿಸಿ ಹೇಳಬೇಕು, ಹೊಣೆ: ಟೀಮ್ ಲೀಡರ್’ ಎಂದು ಬರೆಯುತ್ತಾರೆ. ‘ಸಂಬಂಧಪಟ್ಟವರು ಕ್ರಮ ಕೈಗೊಳ್ಳುವುದು’ ಎಂದು ಬರೆದರೆ ಆ ಸಂಬಂಧಪಟ್ಟವರು ಯಾರೆಂದು ಹುಡುಕಲು ಮೇಷ್ಟ್ರೇ ಇನ್ನೊಮ್ಮೆ ಕರೆ ಮಾಡಬೇಕಾದೀತು.

ಎಲ್ಲ ಕರೆಗೂ ಇಂಥ ಸಾರಾಂಶಕಾರರು ಸಿಗುವುದಿಲ್ಲವಾದ ಕಾರಣ, ಓದುಗರು ಫೋನ್ ಇಡುವ ಮುನ್ನ ‘ನಾಳೆ ಅಂದರೆ ಯಾವ ತಾರೀಖು?’ ಎಂದು ತಾವೇ ಕೇಳಿ, ದೂರಿನ ಸಂಖ್ಯೆಯ ಪಕ್ಕದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.