ಹೊಸದಂತೆ!

ಚಿತ್ರಾನ್ನದ ಮೇಲೆ ಯಾರಿಗೂ ತಕರಾರಿಲ್ಲ. ನಿನ್ನೆಯ ಅನ್ನಕ್ಕೆ ಇವತ್ತಿನ ಒಗ್ಗರಣೆ ಬಿದ್ದು, ಮೇಲೆ ನಾಲ್ಕು ಕಡಲೆಬೀಜ ಉದುರಿ, ನಿಂಬೆ ಹಿಂಡಿದರೆ ಅದನ್ನು ಹೆಸರು ಹೇಳಿ ಕೇಳಿ, ದುಡ್ಡು ಕೊಟ್ಟು ತಿನ್ನುತ್ತೇವೆ. ತಕರಾರು ಏಳುವುದು ಅದೇ ನಿನ್ನೆಯ ಅನ್ನವನ್ನು ಬಿಸಿ ಮಾಡಿ, ಎಲೆಗೆ ಬಡಿಸಿ, ‘ಈಗಷ್ಟೇ ಬಸಿದದ್ದು ಸಾರ್’ ಎಂದಾಗ. ರಿಫರ್ಬಿಶ್ಡ್ ಫೋನಿನ ವ್ಯಾಜ್ಯವೂ ಇಷ್ಟೇ. ಯಾರೋ ಬಳಸಿ ಎಕ್ಸ್‌ಚೇಂಜಿಗೆ ಕೊಟ್ಟ ಫೋನಿಗೆ ಹೊಸ ಬ್ಯಾಟರಿ, ಹೊಸ ಗಾಜು ಹಾಕಿ, ಅಂಚು ಉಜ್ಜಿ, ಹಾಗೆಂದು ಹೇಳಿ ಕಡಿಮೆ ಬೆಲೆಗೆ ಮಾರುವುದು ಮರ್ಯಾದಸ್ಥ ವ್ಯಾಪಾರ. ಹೊಸದೆಂದು ಹೇಳಿ ಹೊಸದರ ಬೆಲೆ ಎಣಿಸಿಕೊಂಡಾಗ ಮಾತ್ರ ಅದು ಮೋಸ. ಹಾಗಾಗಿ ದೂರು ಬರೆಯಲು ಕೂತವರು ಮೊದಲು ಹೊಡೆದುಹಾಕಬೇಕಾದ ವಾಕ್ಯ ‘ಫೋನು ಸರಿಯಿಲ್ಲ’ ಎಂಬುದು. ಫೋನು ಚೆನ್ನಾಗಿಯೇ ಇರಬಹುದು. ಕೆಟ್ಟಿರುವುದು ಫೋನಲ್ಲ, ಮಾತು.

ಇದು ನನ್ನ ಕುಚೇಷ್ಟೆಯಲ್ಲ, ಕಾನೂನು ಹೇಳುವುದೂ ಇದನ್ನೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(47)ನೇ ಕಲಮು ಅನುಚಿತ ವ್ಯಾಪಾರ ಪದ್ಧತಿಗಳನ್ನು ಪಟ್ಟಿ ಮಾಡುವಾಗ, ಮರುಜೋಡಿಸಿದ, ಸೆಕೆಂಡ್‌ಹ್ಯಾಂಡ್, ನವೀಕರಿಸಿದ, ರಿಪೇರಿ ಮಾಡಿ ಸಜ್ಜುಗೊಳಿಸಿದ ಅಥವಾ ಹಳೆಯ ಸರಕನ್ನು ಹೊಸದೆಂದು ಸುಳ್ಳಾಗಿ ಬಿಂಬಿಸುವುದನ್ನು ಪ್ರತ್ಯೇಕವಾಗಿ ಸೇರಿಸಿದೆ. ಒಂದು ‘ಹಳೆಯ’ ಎಂಬ ಪದಕ್ಕೆ ಐದು ವಿಶೇಷಣ ಸಾಲಾಗಿ ನಿಲ್ಲಿಸಿದವರು ಯಾವುದೋ ಗುಜರಿ ಅಂಗಡಿಯ ಮುಂದೆ ಕೂತೇ ಬರೆದಿರಬೇಕು. ಬಾಯಲ್ಲಿ ಹೇಳಿದರೂ ಸೈ, ಕಾಗದದಲ್ಲಿ ಬರೆದರೂ ಸೈ, ಪರದೆಯ ಮೇಲೆ ತೋರಿಸಿದರೂ ಸೈ, ಎಲ್ಲವೂ ಬಿಂಬಿಸಿದ್ದೇ. ಇಂಗ್ಲಿಷಿನ ‘ಲೈಕ್ ನ್ಯೂ’ ಎಂಬುದನ್ನು ನಾವು ‘ಹೊಸದಂತೆ’ ಎನ್ನುತ್ತೇವೆ. ಈ ಪದದ ಬಾಲದಲ್ಲಿರುವ ‘ಅಂತೆ’ ಎರಡು ಕೆಲಸ ಮಾಡುತ್ತದೆ: ಹೊಸದರ ಹಾಗೆ ಎಂಬುದು ಒಂದು, ಹೊಸದು ಎಂದು ಯಾರೋ ಹೇಳಿದರು, ನಾನು ಜವಾಬ್ದಾರನಲ್ಲ ಎಂಬುದು ಇನ್ನೊಂದು. ಅಂತೆ-ಕಂತೆಗಳ ಈ ಸಂತೆಯಲ್ಲಿ ‘ಹೊಸದು’ ಎಂದು ಯಾರು, ಎಲ್ಲಿ, ಯಾವಾಗ ಹೇಳಿದರು ಎಂಬುದನ್ನು ಹಿಡಿದು ನಿಲ್ಲಿಸುವುದೇ ದೂರಿನ ಕೆಲಸ. ಅದಕ್ಕೆ ಸಾಕ್ಷಿಗಳು ಮೂರು: ಡಬ್ಬಿಯ ಸೀಲು, ಸೀರಿಯಲ್ ನಂಬರು ಮತ್ತು ಬಿಲ್ಲು. ಜನ ಇವನ್ನು ನಂಬುವ ಕ್ರಮ ಪೂರ್ತಿ ತಲೆಕೆಳಗಾಗಿದೆ ಎಂಬುದೇ ನನ್ನ ವಾದ.

ಎಲ್ಲರೂ ಮೊದಲು ಹಿಡಿದುಕೊಳ್ಳುವುದು ಸೀಲನ್ನು. ‘ಸೀಲ್ಡ್ ಪೀಸ್ ಸಾರ್, ನಿಮ್ಮ ಕೈಯಲ್ಲೇ ಒಡೀರಿ’ ಎಂದು ಅಂಗಡಿಯವರು ಡಬ್ಬಿಯನ್ನು ಮುಂದೆ ಸರಿಸಿದಾಗ ಗಿರಾಕಿಗೆ ಗೃಹಪ್ರವೇಶದ ಟೇಪು ಕತ್ತರಿಸುವ ಅತಿಥಿಯ ಗತ್ತು ಬರುತ್ತದೆ. ಆದರೆ ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಸಿಗಾಳಿ ಊದಿದರೆ ಅದು ಯಾವ ಡಬ್ಬಿಗಾದರೂ ಚರ್ಮದಂತೆ ಅಂಟಿಕೊಳ್ಳುತ್ತದೆ. ಗೋಡಂಬಿ ಪೊಟ್ಟಣಕ್ಕೂ, ಹಳೆಯ ಫೋನಿಗೂ ಅದು ಭೇದ ಮಾಡುವುದಿಲ್ಲ. ಆಪಲ್ ಕಂಪನಿ 2021ರಲ್ಲಿ ಐಫೋನ್ 13ರಿಂದ ಡಬ್ಬಿಯ ಪ್ಲಾಸ್ಟಿಕ್ ಹೊದಿಕೆಯನ್ನೇ ಕೈಬಿಟ್ಟು, ಎಳೆದು ಹರಿಯುವ ಕಾಗದದ ಪಟ್ಟಿಗೆ ಬದಲಾಯಿತು. ಅಂದಮೇಲೆ ಆ ನಂತರದ ಐಫೋನು ಮಿರಮಿರ ಪ್ಲಾಸ್ಟಿಕ್ ಹೊದ್ದು ಬಂದರೆ, ಹೊದಿಕೆಯೇ ಅದರ ಮೇಲಿನ ಅನುಮಾನಕ್ಕೆ ಮೊದಲ ಕಾರಣ. ಹಾಗೆಂದು ಸೀಲಿಗೆ ಬೆಲೆಯೇ ಇಲ್ಲವೆಂದಲ್ಲ. ಒಡೆದ ಮೇಲೆ ಅದು ಯಾವುದಕ್ಕೂ ಸಾಕ್ಷಿಯಲ್ಲ, ಒಡೆಯುವ ಮುನ್ನ ಮಾತ್ರ ಸಾಕ್ಷಿ. ಆದ್ದರಿಂದ ಡಬ್ಬಿಯ ಆರೂ ಮುಖ, ಅದರ ಮೇಲಿನ ನಂಬರಿನ ಚೀಟಿ, ಕತ್ತರಿಸುವ ಕ್ಷಣ, ಫೋನು ಹೊತ್ತಿಕೊಂಡು ತನ್ನ ನಂಬರು ತೋರಿಸುವ ತನಕ ನಿಲ್ಲಿಸದೆ ಒಂದೇ ವಿಡಿಯೊ ಬೇಕು. ನಡುವೆ ನಿಲ್ಲಿಸಿ ಮತ್ತೆ ಹಿಡಿದ ವಿಡಿಯೊ ಎದುರು ಪಕ್ಷದ ವಕೀಲರಿಗೆ ಹಬ್ಬದೂಟ. ಚೀಟಿಯನ್ನು ಓದುವುದೂ ಮುಖ್ಯ. ಪೊಟ್ಟಣದ ಸರಕಿನ ನಿಯಮದ ಪ್ರಕಾರ ಅಲ್ಲಿ ತಯಾರಾದ ತಿಂಗಳು, ವರ್ಷ, ಎಂಆರ್‌ಪಿ ಇರಲೇಬೇಕು. ಹೊಸದಾಗಿ ಅಚ್ಚು ಹಾಕಿದ ಚೀಟಿಯಲ್ಲಿ ಎಡವಟ್ಟಾಗುವುದು ಸಾಮಾನ್ಯವಾಗಿ ಇಲ್ಲೇ.

ಸೀರಿಯಲ್ ನಂಬರು ಮತ್ತು ಐಎಂಇಐ ಫೋನಿನ ಜಾತಕ. ಹುಟ್ಟಿದ ಗಳಿಗೆ ಅದರಲ್ಲಿರುತ್ತದೆ, ಜಾತಕವನ್ನು ತಿದ್ದುವವರೂ ಇದ್ದೇ ಇರುತ್ತಾರೆ. `*#06#` ಒತ್ತಿದರೆ 15 ಅಂಕಿಯ ಐಎಂಇಐ ಬರುತ್ತದೆ. ಎರಡು ಸಿಮ್ಮಿನ ಫೋನಿಗೆ ಎರಡು. ಪರದೆಯ ಮೇಲಿನದು, ಡಬ್ಬಿಯ ಮೇಲಿನದು, ಬಿಲ್ಲಿನಲ್ಲಿರುವುದು ಒಂದೇ ಆಗಿರಬೇಕು. ಮೊದಲ ಎಂಟು ಅಂಕಿ ಮಾದರಿಯನ್ನು ಗುರುತಿಸುವುದರಿಂದ ಬೇರೆ ಮಾದರಿಯ ಡಬ್ಬಿಗೆ ತುರುಕಿದ ಫೋನು ಬೇಗ ಸಿಕ್ಕಿಬೀಳುತ್ತದೆ. `KYM` ಎಂದು ಬರೆದು, ಜಾಗ ಬಿಟ್ಟು, ಆ 15 ಅಂಕಿಯನ್ನು 14422ಕ್ಕೆ ಎಸ್ಸೆಮ್ಮೆಸ್ ಮಾಡಿದರೆ ದೂರಸಂಪರ್ಕ ಇಲಾಖೆಯ ದಾಖಲೆ ಉತ್ತರ ಕೊಡುತ್ತದೆ. ಕಪ್ಪುಪಟ್ಟಿಯಲ್ಲಿದೆ, ನಕಲಿ ಅಥವಾ ಈಗಾಗಲೇ ಬಳಕೆಯಲ್ಲಿದೆ ಎಂದು ಬಂದರೆ ಕೊಳ್ಳಬೇಡಿ ಎಂಬುದು ಇಲಾಖೆಯದೇ ಸಲಹೆ. ಐಫೋನಿನಲ್ಲಿ ಇನ್ನೂ ಒಂದು ಚಾಡಿಕೋರನಿದ್ದಾನೆ: ಸೆಟ್ಟಿಂಗ್ಸ್‌ನಲ್ಲಿ ಕಾಣುವ ಮಾಡೆಲ್ ನಂಬರಿನ ಮೊದಲ ಅಕ್ಷರ. ಅದು `M` ಆಗಿದ್ದರೆ ಅಂಗಡಿಗೆಂದೇ ಬಂದ ಹೊಸದು, `F` ಆದರೆ ಕಂಪನಿಯೇ ನವೀಕರಿಸಿದ್ದು, `N` ಆದರೆ ಸರ್ವಿಸಿನಲ್ಲಿ ಬದಲಿಯಾಗಿ ಕೊಟ್ಟದ್ದು. ಎಲ್ಲ ಹಳೆಯ ಫೋನೂ `F` ಎನ್ನುವುದಿಲ್ಲ. ಹೊರಗಿನವರು ಒರೆಸಿ ಮಾರಿದ್ದು `M` ಆಗಿಯೇ ಉಳಿದಿರುತ್ತದೆ.

ನಿಜವಾದ ಬಲ ಇರುವುದು ದಿನಾಂಕದಲ್ಲಿ. ಒಂದು ಉದಾಹರಣೆ ಕಟ್ಟೋಣ. ಅಂಗಡಿಯೂ ಕಲ್ಪಿತ, ಫೋನೂ ಕಲ್ಪಿತ, ಲೆಕ್ಕ ಮಾತ್ರ ಪಕ್ಕಾ. ಚಿಕ್ಕಲಸಂದ್ರದಿಂದ ಉತ್ತರಹಳ್ಳಿ ಕಡೆಗೆ ಹೋಗುವ ರಸ್ತೆಯ ಅಂಗಡಿಯೊಂದರಲ್ಲಿ 2025ರ ಜೂನ್ 14ರಂದು 23,600 ರೂಪಾಯಿಗೆ ‘ಹೊಸ’ ಫೋನು ಮಾರಾಟವಾಯಿತು. ಗಿರಾಕಿ ಸೀರಿಯಲ್ ನಂಬರು ಕೊಟ್ಟು ಕಂಪನಿಗೆ ಇಮೇಲ್ ಮಾಡಿ ಕೇಳಿದಾಗ, ಮೊದಲ ಆ್ಯಕ್ಟಿವೇಶನ್ 2024ರ ಡಿಸೆಂಬರ್ 3 ಎಂಬ ಉತ್ತರ ಬಂತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದವರ ಗಾದೆ ನಮಗೆ ಗೊತ್ತು. ಇಲ್ಲಿ ಬಿಲ್ಲು ಹುಟ್ಟುವ 6 ತಿಂಗಳು 11 ದಿನ ಮೊದಲೇ ಕೂಸು ಯಾರದೋ ಮನೆಯಲ್ಲಿ ‘ಹಲೋ’ ಎನ್ನುತ್ತಿತ್ತು. ಈಗ ಅಂಗಡಿಯವರು ಒಂದು ಆಕ್ಷೇಪ ಎತ್ತಬಹುದು, ಅದು ಹುರುಳಿಲ್ಲದ್ದೂ ಅಲ್ಲ: ‘ವಾರಂಟಿ ಮೊದಲೇ ಶುರುವಾಗಿದ್ದರೆ ಏನಾಯಿತು? ಕೆಲವು ಕಂಪನಿಗಳ ದಾಖಲೆಯಲ್ಲಿ ಗೋದಾಮಿನಿಂದ ಹೊರಟ ದಿನದಿಂದಲೇ ಅಂದಾಜು ವಾರಂಟಿ ತೋರಿಸುತ್ತದೆ.’ ಹೌದು. ಆದ್ದರಿಂದಲೇ ವಾರಂಟಿ ಪುಟದ ಸ್ಕ್ರೀನ್‌ಶಾಟ್ ಒಂದನ್ನೇ ನೆಚ್ಚಿ ಓಡಬಾರದು. ವಾರಂಟಿ ಶುರುವಾದ ದಿನ ಬೇರೆ, ಫೋನು ಮೊದಲ ಬಾರಿ ಚಾಲೂ ಆದ ದಿನ ಬೇರೆ. ಎರಡನೆಯದನ್ನೇ ಹೆಸರಿಸಿ ಕೇಳಿ, ಕಂಪನಿಯಿಂದ ಬರಹದಲ್ಲಿ ತರಿಸಬೇಕು. ಐಫೋನ್ 15ರಿಂದ ಈಚಿನವಾದರೆ ಬ್ಯಾಟರಿಯ ಪುಟದಲ್ಲೇ ಮೊದಲ ಬಳಕೆಯ ತಿಂಗಳೂ ಎಷ್ಟು ಸಲ ಚಾರ್ಜಾಗಿದೆ ಎಂಬ ಲೆಕ್ಕವೂ ಸಿಗುತ್ತವೆ. ನಿನ್ನೆ ಕೊಂಡ ಫೋನಿಗೆ ನೂರೆಂಬತ್ತು ಸುತ್ತು ಆಗಿದ್ದರೆ ಅದು ಪ್ರದಕ್ಷಿಣೆ ಹಾಕಿದ ಪುಣ್ಯವಂತೂ ಅಲ್ಲ. ‘ಡೆಮೊಗೆ ಇಟ್ಟಿದ್ದೆವು’ ಎಂಬುದು ಅಂಗಡಿಯ ಕೊನೆಯ ಬಾಣ. ಇಟ್ಟಿರಬಹುದು, ಹಾಗೆಂದು ಬಿಲ್ಲಿನಲ್ಲಿ ಬರೆಯಬೇಕಿತ್ತು.

ಅಲ್ಲಿಗೆ ಬಂತು ಬಿಲ್ಲು. ಯಾರೂ ಓದದ, ಮೂವರಲ್ಲಿ ಅತ್ಯಂತ ಗಟ್ಟಿ ಸಾಕ್ಷಿ ಇದೇ. ಸೀಲನ್ನು ಯಾರೋ ಹಾಕಿರಬಹುದು, ನಂಬರನ್ನು ಕಾರ್ಖಾನೆ ಕೊಟ್ಟಿರುತ್ತದೆ, ಬಿಲ್ಲು ಮಾತ್ರ ಮಾರಿದವರ ಸ್ವಂತ ಮಾತು. ವಿಚಿತ್ರವೆಂದರೆ, ಜಿಎಸ್‌ಟಿ ಇನ್‌ವಾಯ್ಸಿನಲ್ಲಿ ಏನೇನಿರಬೇಕೆಂಬ ನಿಯಮದಲ್ಲಿ ಸರಕಿನ ವಿವರಣೆ, ಪ್ರಮಾಣ, ಬೆಲೆ, ತೆರಿಗೆ ಎಲ್ಲ ಇದೆ, ಐಎಂಇಐ ಇಲ್ಲ. ಅದು ವ್ಯಾಪಾರದ ರೂಢಿಯಷ್ಟೆ. ಆದ್ದರಿಂದ ಹಣ ಕೊಡುವ ಮುನ್ನ ‘ಐಎಂಇಐ ಹಾಕಿ, ಬ್ರ್ಯಾಂಡ್ ನ್ಯೂ ಎಂದೂ ಬರೆಯಿರಿ’ ಎಂದು ಕೇಳಬೇಕು. ಹೊಸ ಫೋನು ಮಾರುವವರಿಗೆ ಆ ಎರಡು ಪದದ ಖರ್ಚೇನೂ ಇಲ್ಲ. ಪೆನ್ನು ತಡೆದರೆ ಅದೇ ಉತ್ತರ. ತೆರಿಗೆಯ ಸಾಲೂ ಬಾಯಿ ಬಿಡುತ್ತದೆ. ಫೋನಿಗೆ ಶೇ 18 ಜಿಎಸ್‌ಟಿ. ನಮ್ಮ 23,600ರಲ್ಲಿ ಸರಕಿನ ಬೆಲೆ 20,000, ಕೇಂದ್ರ ಮತ್ತು ರಾಜ್ಯ ಜಿಎಸ್‌ಟಿ ತಲಾ 1,800. ಬಳಸಿದ ಸರಕಿನ ವ್ಯಾಪಾರಿಗೆ ಮಾತ್ರ ಬೇರೆ ದಾರಿಯಿದೆ: ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರದ ಮೇಲಷ್ಟೇ ತೆರಿಗೆ ಕಟ್ಟಬಹುದು. ಇದೇ ಮಾರ್ಜಿನ್ ಪದ್ಧತಿ. ಬಿಲ್ಲಿನಲ್ಲಿ ‘ಮಾರ್ಜಿನ್ ಸ್ಕೀಮ್’ ಎಂಬ ಪದ ಕಂಡರೆ, ಬಾಯಲ್ಲಿ ಹೊಸದೆಂದವರೇ ತೆರಿಗೆಯವರ ಮುಂದೆ ಹಳೆಯದೆಂದು ಒಪ್ಪಿಕೊಂಡಂತೆ. ಪೂರ್ತಿ ತೆರಿಗೆ ಹಾಕಿದ ಮಾತ್ರಕ್ಕೆ ಫೋನು ಹೊಸದೆಂದು ಸಿದ್ಧವಾಗುವುದಿಲ್ಲ, ಹಳೆಯದಕ್ಕೂ ಹಾಗೆ ಹಾಕಬಹುದು. ಕಂಪನಿಯ ಒಂದು ವರ್ಷದ ವಾರಂಟಿ ಇರಬೇಕಾದಲ್ಲಿ ‘6 ತಿಂಗಳ ಸೆಲ್ಲರ್ ವಾರಂಟಿ’ ಎಂದಿದ್ದರೆ ಅದನ್ನೂ ಗುರುತು ಹಾಕಿಕೊಳ್ಳಿ. ಬಿಲ್ಲಿನ ಬದಲು ‘ಎಸ್ಟಿಮೇಟ್’ ಎಂಬ ಚೀಟಿ ಕೈಗಿಟ್ಟರೆ, ಬಿಲ್ಲು ಕೊಡದಿರುವುದೇ ಅದೇ ಕಲಮಿನಡಿ ಇನ್ನೊಂದು ಅನುಚಿತ ಪದ್ಧತಿ.

ಬಿಲ್ಲಿನ ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ‘ರಿನ್ಯೂಡ್’ ಎಂದೋ ‘ಓಪನ್ ಬಾಕ್ಸ್’ ಎಂದೋ ಇದ್ದರೆ? ದೂರು ಸೊರಗುತ್ತದೆ, ಸಾಯುವುದಿಲ್ಲ. ಬಿಲ್ಲು ಬರುವುದು ಹಣ ಹೋದ ಮೇಲೆ. ಅದಕ್ಕೂ ಮುನ್ನ ಜಾಹೀರಾತು, ವಾಟ್ಸ್ಯಾಪ್ ಸಂದೇಶ ಅಥವಾ ಮಾರಾಟದ ಪುಟ ‘ನ್ಯೂ’ ಎಂದಿದ್ದರೆ ಬಿಂಬಿಸಿದ್ದು ಅಲ್ಲೇ ಮುಗಿದಿದೆ. ಆ ಪುಟ ನಾಳೆ ಬದಲಾಗುತ್ತದೆ, ಕೊಂಡ ದಿನವೇ ಸ್ಕ್ರೀನ್‌ಶಾಟ್ ಇಟ್ಟುಕೊಂಡಿರಬೇಕು. ‘ಮಾರಿದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲ’ ಎಂಬ ಫಲಕಕ್ಕೆ ನನ್ನ ಉತ್ತರ ಸರಳ: ಮಾರಿದ್ದು ಹೊಸ ಫೋನು, ಕೊಟ್ಟದ್ದು ಇನ್ನೊಂದು, ಮಾರಿದ ಮಾಲು ಇನ್ನೂ ಗಿರಾಕಿಯ ಕೈಸೇರಿಯೇ ಇಲ್ಲ, ಹಿಂದಕ್ಕೆ ಕೊಡುವ ಮಾತೆಲ್ಲಿ? ‘ಚೆನ್ನಾಗಿ ಓಡ್ತಿದೆಯಲ್ಲ, ನಿಮಗೇನು ನಷ್ಟ?’ ಎಂಬವರನ್ನು ಮತ್ತೆ ಚಿತ್ರಾನ್ನದ ಬಳಿಗೆ ಕರೆದೊಯ್ಯಬೇಕು. ಹೊಸದಕ್ಕೂ ಹಳೆಯದಕ್ಕೂ ಬೆಲೆಯಲ್ಲಿರುವ ಅಂತರ, ಕಳೆದುಹೋದ ವಾರಂಟಿ, ಇವೇ ನಷ್ಟ.

ಹೀಗಾಗಿ ಕಲ್ಪಿತ ಗಿರಾಕಿಯ ದೂರಿನ ತಿರುಳು ಮೂರೇ ಸಾಲಾಗುತ್ತದೆ: ಜೂನ್ 14ರ ಬಿಲ್ಲಿನಲ್ಲಿ ಈ ಐಎಂಇಐಯ ಫೋನನ್ನು ಹೊಸದೆಂದು ಮಾರಲಾಗಿದೆ, ಕಂಪನಿಯ ಪತ್ರದಂತೆ ಇದೇ ಐಎಂಇಐ ಡಿಸೆಂಬರ್ 3ರಂದೇ ಚಾಲೂ ಆಗಿದೆ, ಆದ್ದರಿಂದ 2(47)ರಡಿ 23,600 ರೂಪಾಯಿ, ಪರಿಹಾರ ಮತ್ತು ಖರ್ಚು ಕೊಡಿಸಬೇಕು. ಸೀಲಿನ ವಿಡಿಯೊ ಇದರ ಹಿಂದೆ ನಿಂತ ಪೋಷಕ ಪಾತ್ರ. ದೋಷ ಹುಡುಕಲು ಫೋನನ್ನು ಪ್ರಯೋಗಾಲಯಕ್ಕೆ ಕಳಿಸಿ ಎಂದು ಎದುರಿನವರು ಎಳೆದಾಡಿದರೆ, ನಮ್ಮ ತಕರಾರು ದೋಷದ್ದಲ್ಲ, ದಿನಾಂಕದ್ದು ಎನ್ನಬಹುದು. ಅಂಗಡಿ ದೆಹಲಿಯಲ್ಲಿದ್ದರೂ ಚಿಕ್ಕಲಸಂದ್ರದ ನಿವಾಸಿ ಬೆಂಗಳೂರು ನಗರ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ದೂರು ಹೂಡಬಹುದು. ವಕೀಲರು ಕಡ್ಡಾಯವಲ್ಲ, 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ಮೊದಲು 1915ಕ್ಕೆ ಕರೆ ಮಾಡಿ ನೋಡಿದರೂ ತಪ್ಪಿಲ್ಲ. ಕಾಲಮಿತಿ ಎರಡು ವರ್ಷ. ಅಂಗಡಿಯ ಥರ್ಮಲ್ ಕಾಗದದ ಬಿಲ್ಲು ಅಷ್ಟು ದಿನ ಬಾಳುವುದಿಲ್ಲ, ಮೊದಲು ಐಎಂಇಐ ಮಾಸುತ್ತದೆ, ಆಮೇಲೆ ದಿನಾಂಕ. ಇವತ್ತೇ ಜೆರಾಕ್ಸ್ ಮಾಡಿಸಿಡಿ.