ಇಪ್ಪತ್ತೊಂದು ರೂಪಾಯಿ ಬಡ್ಡಿ

ಅಕ್ಕನ ಮಗಳು ಮೊದಲ ಕೆಲಸ ಹಿಡಿದು ಬೆಂಗಳೂರಿನ ನಮ್ಮ ಮನೆಯಲ್ಲೇ ಇದ್ದಾಳೆ. ಊಟ, ತಿಂಡಿ, ಉಪದೇಶ ಎಲ್ಲ ನಮ್ಮದೇ. ಅಂಥವಳು ತಾನಾಗಿಯೇ ಸ್ಟೇಟ್‌ಮೆಂಟ್ ಹಿಡಿದು ಬಂದು, "ಮಾವ, ಸಂಬಳ ಇಪ್ಪತ್ತೆಂಟು ಸಾವಿರ ಅಂದಿದ್ರು, ಇಪ್ಪತ್ತಾರೇ ಬಿದ್ದಿದೆ. ಬ್ಯಾಂಕಿನವರು ನುಂಗಿದ್ರಾ?" ಎಂದರೆ ನಾನು ಬಿಡುತ್ತೇನೆಯೇ!

ಬ್ಯಾಂಕು ಪಾಪ ನುಂಗಿರಲಿಲ್ಲ. ಮೂಲವೇತನ 15,000ದ ಮೇಲೆ ಶೇ. 12ರಂತೆ ಪಿಎಫ್ 1,800, ವೃತ್ತಿ ತೆರಿಗೆ 200. ಎರಡನ್ನೂ ಕಂಪನಿಯೇ ಮುರಿದುಕೊಂಡು ಕಳಿಸಿತ್ತು. ಅದರ ಲೆಕ್ಕ ಇರುವುದು ಪೇ ಸ್ಲಿಪ್ಪಿನಲ್ಲಿ.

ಅಷ್ಟರಲ್ಲಿ ಜೂನ್ 30ರ ಸಾಲಿನಲ್ಲಿ ನನ್ನ ಕಣ್ಣಿಗೆ ಬಡ್ಡಿ ಬಿತ್ತು: 21 ರೂಪಾಯಿ. ಗೋಡೆಯ ಕ್ಯಾಲೆಂಡರನ್ನು ಮೊಳೆಯಿಂದ ಕಿತ್ತು ಮೇಜಿನ ಮೇಲೆ ಹಾಸಿದೆ. ಪ್ರತಿದಿನ ರಾತ್ರಿ ಖಾತೆಯಲ್ಲಿ ಉಳಿದ ಮೊತ್ತಕ್ಕೆ ಬಡ್ಡಿ ಲೆಕ್ಕ. ಜಮೆ ಮಾತ್ರ ಮೂರು ತಿಂಗಳಿಗೊಮ್ಮೆ. ಸಂಬಳ ಬಿದ್ದದ್ದು ಜೂನ್ 1ಕ್ಕೆ. 5ನೇ ತಾರೀಖು ಊರಿಗೆ 18,000 ಕಳಿಸಿದ್ದಳು. ಅಂದರೆ 26,000 ನಾಲ್ಕು ರಾತ್ರಿ ಮಲಗಿತ್ತು: 1,04,000. ಉಳಿದ 8,000 ಇಪ್ಪತ್ತಾರು ರಾತ್ರಿ: 2,08,000. ಕೂಡಿಸಿ, ಬಡ್ಡಿದರ 2.5ರಿಂದ ಗುಣಿಸಿ, 36,500ರಿಂದ ಭಾಗಿಸಿದರೆ 21 ರೂಪಾಯಿ 37 ಪೈಸೆ! ಮೂವತ್ತೇಳು ಪೈಸೆ ಪೂರ್ಣಾಂಕಕ್ಕೆ ಬಲಿಯಾಯಿತು ಎಂದು ನಾನು ಮರುಗುತ್ತಿದ್ದಾಗ ಹೆಂಡತಿ ಒಳಗಿನಿಂದ, "ಕ್ಯಾಲೆಂಡರ್ ಮೇಲೆ ಹಾಲಿನ ಲೆಕ್ಕ ಇದೆ, ಪೆನ್ನಿನಲ್ಲಿ ಗೀಚಬೇಡಿ" ಎಂದಳು. ಅಷ್ಟರಲ್ಲಿ ಗೀಚಿಯಾಗಿತ್ತು. ಹುಡುಗಿ ಮೊಬೈಲಿನಲ್ಲಿ ಲೆಕ್ಕ ಹಾಕಿ "ಸರಿ ಇದೆ ಮಾವ" ಎಂದಳು. ನಾನೇ ಬಡ್ಡಿ ಕೊಟ್ಟವನಂತೆ ಎದೆ ಉಬ್ಬಿಸಿದೆ.

ಬಡ್ಡಿ ಬಿದ್ದ ಮರುದಿನವೇ 236 ರೂಪಾಯಿ ಹೋಗಿತ್ತು. ಡೆಬಿಟ್ ಕಾರ್ಡಿನ ವಾರ್ಷಿಕ ಶುಲ್ಕ 200, ಮೇಲೆ ಶೇ. 18 ಜಿಎಸ್‌ಟಿ 36. ಇಡೀ ತಿಂಗಳ ಬಡ್ಡಿಯ ಹನ್ನೊಂದು ಪಟ್ಟು ಒಂದೇ ಗುಕ್ಕಿಗೆ! ಸಂಬಳದ ಖಾತೆಗೆ ಕಾರ್ಡು ಉಚಿತ ಎಂದು ಅವರದೇ ಶುಲ್ಕಪಟ್ಟಿ ಹೇಳುತ್ತಿತ್ತು. ಖಾತೆಯನ್ನು ಸಾಮಾನ್ಯ ಉಳಿತಾಯ ಖಾತೆ ಎಂದು ದಾಖಲಿಸಿದ್ದರು. ಶುಲ್ಕ ಕತ್ತರಿಸಿದಾಗಲೇ ಇದು ಗೊತ್ತಾಗುವುದು. ಕೇಳಲು ಶಾಖೆಗೆ ಹೋದರೆ ಈ ಕೌಂಟರಿನವರು ಆ ಕೌಂಟರ್ ತೋರಿಸಿದರು, ಆ ಕೌಂಟರಿನವರು ಊಟಕ್ಕೆ ಹೋಗಿದ್ದರು.

ಕಾಯುವಾಗ ಇನ್ನೊಂದು ಹೇಳಿದೆ. ಮುರಿದ ಪಿಎಫ್ ಕಟ್ಟಿದ್ದಾರೋ ಇಲ್ಲವೋ ಎಂಬುದನ್ನು ಬ್ಯಾಂಕ್ ಸ್ಟೇಟ್‌ಮೆಂಟ್ ಹೇಳುವುದಿಲ್ಲ. ಮುಂದಿನ ತಿಂಗಳ 15ರೊಳಗೆ ಕಂಪನಿ ಕಟ್ಟಬೇಕು. ಆಮೇಲೆ ಪಿಎಫ್ ಪಾಸ್‌ಬುಕ್ಕಿನಲ್ಲಿ ಅವಳ 1,800 ಕಾಣಬೇಕು. ಮುರಿದುಕೊಂಡೂ ಕಟ್ಟದ ಮಾಲೀಕರಿದ್ದಾರೆ. ಅದು ಕಳ್ಳತನ; ಅದರಲ್ಲಿ ತಮಾಷೆ ಏನಿಲ್ಲ. ಅವಳು ಮಾತಿಲ್ಲದೆ ಯುಎಎನ್ ಸಂಖ್ಯೆ ಹುಡುಕತೊಡಗಿದಳು.

ವಾರದೊಳಗೆ ಖಾತೆಗೆ 200 ರೂಪಾಯಿ ವಾಪಸ್ ಬಂತು. ಗೆದ್ದೆವೆಂದು ನಾನು ಕಾಫಿಗೆ ಹೇಳಿದೆ.

ಅವಳು ಮೊಬೈಲಿನಿಂದ ಕಣ್ಣೆತ್ತದೆ, "ಮೂವತ್ತಾರು ಎಲ್ಲಿ ಮಾವ?" ಎಂದಳು.