ಎಲ್ಲಿ ಮುಟ್ಟಿದ್ರಿ?

ಅಂಕೋಲೆಯಿಂದ ಕಾರವಾರಕ್ಕೆ ನೌಕರಿಗೆ ಓಡಾಡುವವರ ಬಸ್ಸು ಅವರ್ಸಾ ದಾಟುವುದರೊಳಗೆ ಯಾರದಾದರೂ ಫೋನು ಹೊಡೆದುಕೊಳ್ಳಲೇಬೇಕು. "ಎಲ್ಲಿ ಮುಟ್ಟಿದ್ರಿ?" ಅಮದಳ್ಳಿಯಲ್ಲಿ ಮತ್ತೊಮ್ಮೆ ಅದೇ ಪ್ರಶ್ನೆ. ಬಿಣಗಾದ ಸುರಂಗದಲ್ಲಿ ನೆಟ್‌ವರ್ಕ್ ಹೋಯಿತೋ, ಆಚೆ ಬಾಯಿಗೆ ಬರುವಷ್ಟರಲ್ಲಿ ಮಿಸ್ಡ್ ಕಾಲ್‌ಗಳು ಸಾಲಾಗಿ ಕಾದಿರುತ್ತವೆ.

ಹೀಗೆ ಕರೆಯುವ ಹೆಂಡತಿಯನ್ನು 'ಮುಟ್ಟಿದ್ರಾ ಬಾಯಿ' ಎನ್ನೋಣ. ಓಣಿಗೊಬ್ಬರು ಇದ್ದೇ ಇರುತ್ತಾರೆ. ಗಂಡ ಫೋನೆತ್ತದಿದ್ದರೆ ಕಾಯಿ ತುರಿಯುವುದನ್ನು ಅರ್ಧಕ್ಕೇ ಬಿಟ್ಟು ವಾಟ್ಸಾಪ್ ತೆಗೆಯುತ್ತಾಳೆ. ಲಾಸ್ಟ್ ಸೀನ್ 8.52. ಅಂದರೆ ಬಸ್ಸಿಗೇನೂ ಆಗಿಲ್ಲ, ಫೋನು ಕೈಯಲ್ಲೇ ಇದೆ! ಅಪಘಾತದ ಹೆದರಿಕೆ ಹೋಗಿ ಅದರ ಜಾಗದಲ್ಲಿ 'ನನ್ನ ಮೇಲೆ ಸಿಟ್ಟೇನೋ' ಎಂಬುದು ಬಂದು ಕೂರುತ್ತದೆ. ಸಂಜೆ ಹುರಿದ ಬಂಗಡೆ ತಟ್ಟೆಗೆ ಬೀಳುತ್ತದೆ, ಮಾತು ಮಾತ್ರ ಬೀಳುವುದಿಲ್ಲ.

ಮೇರಿ ಐನ್ಸ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞೆ ಇಂಥದ್ದನ್ನು ವರ್ಷದ ಕೂಸುಗಳಲ್ಲೇ ಕಂಡಿದ್ದರು. ತಾಯಿ ಕೋಣೆಯಿಂದ ಕೆಲ ನಿಮಿಷ ಹೊರಗೆ ಹೋಗಿ ಬರುತ್ತಾಳೆ. ಆಗ ಮಗು ಏನು ಮಾಡುತ್ತದೆಂದು ನೋಡುವುದಷ್ಟೇ ಪರೀಕ್ಷೆ. ಹೆಚ್ಚಿನವು ಅತ್ತರೂ ಎತ್ತಿಕೊಂಡ ಕೂಡಲೇ ಸಮಾಧಾನವಾಗಿ ಆಟಕ್ಕೆ ಮರಳುತ್ತಿದ್ದವು. ಕೆಲವು ಎತ್ತಿಕೋ ಎಂದು ಕೈಚಾಚಿ, ಎತ್ತಿದರೆ ಒದೆಯುತ್ತಿದ್ದವು. ಇನ್ನು ಕೆಲವು ತಾಯಿ ಬಂದದ್ದೇ ಗೊತ್ತಿಲ್ಲದಂತೆ ಆಟಿಕೆಯ ಕಡೆ ತಿರುಗುತ್ತಿದ್ದವು. 1987ರಲ್ಲಿ ಹಜಾನ್ ಮತ್ತು ಶೇವರ್ ಇದೇ ಲೆಕ್ಕವನ್ನು ದೊಡ್ಡವರ ಪ್ರೇಮಕ್ಕೂ ತಂದರು. ನಮ್ಮ ಬಾಯಿ ಎರಡನೆಯ ಗುಂಪು. ಫೋನನ್ನು ಸೈಲೆಂಟ್ ಮಾಡಿ ಕಿಟಕಿಯಾಚೆ ಸಮುದ್ರ ನೋಡುವ ಗಂಡ ಮೂರನೆಯದು. ಆದರೆ ಆ ಮೂರನೆಯ ಗುಂಪಿನ 'ನಿಶ್ಚಿಂತ' ಮಕ್ಕಳ ಎದೆಬಡಿತ ಅಳೆದಾಗ ಅದೂ ಏರಿಯೇ ಇತ್ತು. ಗಂಡನ ಮೌನವನ್ನು ನಿರ್ಲಕ್ಷ್ಯ ಎಂದುಬಿಡುವಂತಿಲ್ಲ, ಪಾಪ. ಆಕೆ ಕರೆದಷ್ಟೂ ಅವನು ಒಳಸರಿಯುತ್ತಾನೆ, ಅವನು ಸರಿದಷ್ಟೂ ಆಕೆ ಕರೆಯುತ್ತಾಳೆ.

ನಂಟಿನ ಈ ರೀತಿ ರಕ್ತದ ಗುಂಪಿನಂತೆ ಬದಲಾಗದ್ದೂ ಅಲ್ಲ, ಎಲ್ಲರೊಂದಿಗೂ ಒಂದೇ ಥರವೂ ಇರುವುದಿಲ್ಲ. ಕುಮಟೆಯ ತಂಗಿ ವಾರಗಟ್ಟಲೆ ಫೋನು ಮಾಡದಿದ್ದರೂ ಬಾಯಿಗೆ ಚಿಂತೆಯಿಲ್ಲ.

ಕಳವಳವೆಲ್ಲ ಇದೇ ಖಾತೆಗೆ ಹೋಗಬೇಕೆಂದೂ ಇಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ ತಾಲೂಕೆಲ್ಲ ಫೋನು ಹಿಡಿದಿತ್ತು. ಅದು ನಿಜವಾದ ಅಪಾಯ. ಅಂದು 'ನಾನು ಆರಾಮ' ಎಂಬ ಒಂದು ಮಾತಿಗೆ ಎಷ್ಟೋ ಮನೆಗಳ ಜೀವ ಮರಳಿತು. ಬಾಯಿಗೆ ಆ ಮಾತು ಸಾಕಾಗುವುದು ಮುಂದಿನ ಸ್ಟಾಪಿನ ತನಕ.

ಕೊನೆಗೆ ಇಬ್ಬರೂ ಒಂದು ಕರಾರಿಗೆ ಬಂದರು: ಕಾರವಾರ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ, ಕೇಳುವ ಮೊದಲೇ, ಅವನೇ 'ಮುಟ್ಟಿದೆ' ಎಂದು ಮೆಸೇಜು ಹಾಕುವುದು, ಅಲ್ಲಿಯತನಕ ಆಕೆ ಕರೆಯದಿರುವುದು. ಕೆಲವು ದಿನ ಓಣಿಗೇ ಆರಾಮ. ಆಮೇಲೊಂದು ದಿನ ಪೀಡೆ ಕಳೆಯಲೆಂದು ಆತ ಅರ್ಗಾದಲ್ಲೇ 'ಮುಟ್ಟಿದೆ' ಒತ್ತಿದ. ಅದೇ ಬಸ್ಸಿನಲ್ಲಿದ್ದ ಪಕ್ಕದ ಮನೆಯಾಕೆ ಟಯರು ಅಲ್ಲೇ ಪಂಚರಾದ ಸುದ್ದಿಯನ್ನು ಆಗಲೇ ಊರಿಗೆ ಮುಟ್ಟಿಸಿದ್ದಳು.

ಫೋನು ಹೊಡೆದುಕೊಂಡಿತು. "ನಿಮ್ಮ ಆಫೀಸು ಅರ್ಗಾಕ್ಕೆ ಯಾವಾಗ ಬಂತು?"